ಕೀ ಕೊಟ್ಟವನ ಪಾಲು

2025ರ ಆಗಸ್ಟ್‌ನಲ್ಲಿ ಬಾಕಿ ಇರೋ ಟ್ರಾಫಿಕ್ ದಂಡಕ್ಕೆ ಸರ್ಕಾರ ಅರ್ಧ ರಿಯಾಯಿತಿ ಕೊಟ್ಟಿತ್ತು. ನನ್ನದೇನೂ ಇರಲ್ಲ ಅನ್ನೋ ಧೈರ್ಯದಲ್ಲೇ ಸ್ಕೂಟರ್ ನಂಬರ್ ಹಾಕಿ ನೋಡಿದೆ. ಐದು ಕೇಸು! ನಾಲ್ಕು ಹೆಲ್ಮೆಟ್ ಇಲ್ಲದ್ದು, ಒಂದು ಸಿಗ್ನಲ್ ಜಂಪು. ತಲಾ ಐನೂರು, ಒಟ್ಟು 2,500. ಆರ್‌ಸಿಯಲ್ಲಿ ನನ್ನ ಹಳೇ ಮೊಬೈಲ್ ನಂಬರೇ ಇದ್ದಿದ್ದರಿಂದ ಒಂದು ಮೆಸೇಜೂ ನನಗೆ ತಲುಪಿರಲಿಲ್ಲ.

ತಕ್ಷಣ ನೆನಪಾದದ್ದು ಚಿಕ್ಕಪ್ಪನ ಮಗ. ಕೆಲಸ ಹುಡುಕ್ಕೊಂಡು ಊರಿಂದ ಬಂದವನು, ಮೂರು ವಾರ ನನ್ನ ಸ್ಕೂಟರಲ್ಲೇ ಇಂಟರ್‌ವ್ಯೂಗಳಿಗೆ ಓಡಾಡಿದ್ದ. ಸಿಟ್ಟಲ್ಲಿ ಪಟ್ಟಿ ಪೂರ್ತಿ ಅವನಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಉತ್ತರ ಬಂತು: "ಅಣ್ಣ, ಮೂರನೇದರ ಫೋಟೋ ತೆಗೆದು ನೋಡು."

ನೋಡಿದೆ. ಭಾನುವಾರ ಬೆಳಗ್ಗೆ, ಹಾಲಿನ ಪ್ಯಾಕೆಟ್ ನೇತುಹಾಕಿಕೊಂಡು, ಬರಿತಲೆಯಲ್ಲಿ ಹೊರಟಿರೋನು ನಾನೇ.

ಕ್ಯಾಮೆರಾ ಓದೋದು ನಂಬರ್ ಪ್ಲೇಟನ್ನ. ಓಡಿಸ್ತಿರೋನು ಯಾರು ಅಂತ ಅದಕ್ಕೆ ಗೊತ್ತಾಗಲ್ಲ, ಹಾಗಾಗಿ ನೋಟಿಸ್ ಬರೋದು ಆರ್‌ಸಿಯಲ್ಲಿ ಹೆಸರಿರೋನಿಗೆ. ಓಡಿಸಿದ್ದು ಯಾರು ಅಂತ ಪೊಲೀಸರು ಕೇಳಿದರೆ ಹೇಳೋದು ಮಾಲೀಕನ ಕರ್ತವ್ಯ ಅಂತ ಮೋಟಾರು ವಾಹನ ಕಾಯ್ದೆಯ 133ನೇ ಸೆಕ್ಷನ್ ಹೇಳುತ್ತೆ. ಬಾಡಿಗೆ ಸ್ಕೂಟರಿನವರಿಗೆ ಇದು ಸುಲಭ. ಯಾರು ಎಷ್ಟು ಗಂಟೆಗೆ ತಗೊಂಡು ಯಾವಾಗ ವಾಪಸ್ ಕೊಟ್ಟರು ಅನ್ನೋದು ಅವರ ಹತ್ತಿರ ಬರೆದಿರುತ್ತೆ. ಫೋಟೋದ ಸಮಯದ ಜೊತೆ ತಾಳೆ ನೋಡಿ ದಂಡ ವಸೂಲಿ ಮಾಡ್ತಾರೆ. ಮನೆಯೊಳಗೆ ಕೊಟ್ಟು ತಗೊಳ್ಳೋ ಗಾಡಿಗೆ ಲೆಕ್ಕ ಇಡೋರು ಯಾರು?

ಸರಿ, ಉಳಿದ ನಾಲ್ಕಾದರೂ ಅವನದೇ ತಾನೇ ಅಂದ್ಕೊಂಡೆ. ಹೆಲ್ಮೆಟ್ ಸೆಕ್ಷನ್, 194ಡಿ, ಓದಿದೆ. ಹೆಲ್ಮೆಟ್ ಇಲ್ಲದೆ ಓಡಿಸಿದವನು ಮಾತ್ರ ಅಲ್ಲ, ಹಾಗೆ ಓಡಿಸೋಕೆ ಬಿಟ್ಟವನೂ ಅದರ ವ್ಯಾಪ್ತಿಗೆ ಬರ್ತಾನೆ. ಅವತ್ತು ನಾನು ಕೀ ಕೊಟ್ಟಿದ್ದೆ, ಪೆಟ್ರೋಲ್ ಹಾಕಿಸ್ಕೊ ಅಂದಿದ್ದೆ. ಹೆಲ್ಮೆಟ್ ಮಾತ್ರ ನನ್ನ ಬೀರುವಿನ ಮೇಲೇ ಇತ್ತು. ಕೈಯಲ್ಲಿ ಕಾಸಿಲ್ಲದ ಹುಡುಗ ಹೆಲ್ಮೆಟ್ ಎಲ್ಲಿಂದ ತರ್ತಾನೆ ಅಂತ ನಾನು ಯೋಚನೆನೇ ಮಾಡಿರಲಿಲ್ಲ. ದಂಡ ಹೋಗಲಿ, ಮೂರು ವಾರ ಅವನು ಈ ಊರಿನ ಟ್ರಾಫಿಕ್‌ನಲ್ಲಿ ಬರಿತಲೆಯಲ್ಲಿ ಓಡಾಡಿದ್ದ.

ರಿಯಾಯಿತಿ ಕಳೆದು 1,250 ಆಯ್ತು. ಹೆಲ್ಮೆಟ್‌ನ ನಾಲ್ಕು ನನ್ನ ಲೆಕ್ಕ, ಸಾವಿರ. ಸಿಗ್ನಲ್ ಜಂಪಿನ 250 ಅವನದು, ಅದರಲ್ಲಿ ನಾನು ಬಿಟ್ಟುಕೊಡಲಿಲ್ಲ. "ಕೆಲಸ ಸಿಕ್ಕ ಮೇಲೆ ಕೊಡು" ಅಂದೆ. ಅವನು ಸಂಜೆಯೇ ಕಳಿಸಿದ.

ಆಮೇಲೆ ಎರಡು ಕೆಲಸ ಮಾಡಿದೆ. ಆರ್‌ಸಿಗೆ ಈಗಿನ ಮೊಬೈಲ್ ನಂಬರ್ ಸೇರಿಸಿದೆ. ಇನ್ನೊಂದು ಹೆಲ್ಮೆಟ್ ತಂದು ಕೀ ನೇತುಹಾಕೋ ಮೊಳೆಯ ಪಕ್ಕದಲ್ಲೇ ತೂಗುಹಾಕಿದೆ.