ನಮ್ಮ ಕಡೆ ಮಾತು, ಎಚ್‌ಆರ್‌ಗೆ ಹಾಕಿದ ಮೇಲ್

1/5
ಫೋಟೋ ಮಹಾಕೂಟದ ಹೊಂಡದ್ದು, ಮಾತು ಬೆಂಗಳೂರಿನ ಆಫೀಸಿಂದು. ಹೋದ ವಾರ ಜೂನಿಯರ್ ಒಬ್ಬಾಕಿ ಮೆಸೇಜ್ ಮಾಡಿದ್ಲು: "ಅಕ್ಕಾ, ನೀ ಎಚ್‌ಆರ್‌ಗೆ ಕಂಪ್ಲೇಂಟ್ ಕೊಟ್ಟಿದ್ಯಂತ, ಏನಂತ ಬರ್ದಿ?" ಅದಕ್ಕ ಈ ಸರಣಿ. ಕಂಪನಿ ಹೆಸರು, ಆ ಮನುಷ್ಯನ ಹೆಸರು ಎರಡೂ ಹೇಳಂಗಿಲ್ಲ, ಕೇಳಬ್ಯಾಡ್ರಿ.

ನಂದು ಕಸ್ಟಮರ್ ಸಪೋರ್ಟ್ ಕೆಲಸ. ನಮ್ಮ ಟೀಮಿನ ಸೀನಿಯರ್ ಒಬ್ಬರು ನಾ ಮಾತಾಡಿದಾಗೆಲ್ಲ "ಹೌದಲ್ರೀಈಈ" ಅಂತ ಎಳೆದು ಅಣಕಿಸೋರು, ಉಳಿದೋರು ನಗೋರು. ಇಷ್ಟೇ ಆಗಿದ್ರೆ ಸುಮ್ನಿರ್ತಿದ್ನೋ ಏನೋ. ಆದರ ಒಂದಿನ ರೋಸ್ಟರಿನಾಗ ನನಗೆ ಬಂದಿದ್ದ ಕಾಲ್‌ಗಳನ್ನ ಬೇರೆಯವರಿಗೆ ಕೊಟ್ರು. "ಈ ಭಾಷೆ ಕೇಳಿದ್ರೆ ಕಸ್ಟಮರ್ ಓಡಿಹೋಗ್ತಾರೆ" ಅಂದ್ರು. ಅವತ್ತಿಂದ ಅದು ತಮಾಷೆ ಆಗಿ ಉಳೀಲಿಲ್ಲ, ನನ್ನ ಕೆಲಸಕ್ಕ ಕೈ ಹಾಕಿದಂಗಾತು.

2/5
ಮೊದಲು ಅವರಿಗೇ ಆಫೀಸ್ ಚಾಟ್‌ನಲ್ಲಿ ಬರೆದೆ: "ಸರ್, ಮೀಟಿಂಗ್‌ನಲ್ಲಿ ನನ್ನ ಮಾತನ್ನು ಅಣಕಿಸೋದು ನನಗೆ ಸರಿ ಅನಿಸ್ತಿಲ್ಲ, ದಯವಿಟ್ಟು ನಿಲ್ಲಿಸಿ." ಬಾಯಿಲೆ ಹೇಳಿದ್ರ ನಾಳೆ ಅದಕ್ಕ ಗುರುತು ಇರೂದಿಲ್ಲ, ಬರೆದ್ರ ತಾರೀಖು ಇರ್ತದ. ಅವರು ನಗೋ ಇಮೋಜಿ ಹಾಕಿದ್ರು. ಎರಡು ದಿನಕ್ಕ ಮತ್ತ ಅದೇ.

ಅಲ್ಲಿಂದ, ಆದದ್ದನ್ನ ಅವತ್ತೇ ಬರೆದಿಡಾಕ ಶುರು ಮಾಡಿದೆ. ತಾರೀಖು, ಟೈಮು, ಎಲ್ಲಿ, ಏನಂದ್ರು, ಯಾರ್ಯಾರಿದ್ರು, ಇಷ್ಟೇ. ಇದು ನನ್ನ ಸ್ವಂತ ಡೈರಿ. ಆದರ ರೋಸ್ಟರ್, ಕಸ್ಟಮರ್ ವಿವರ ಯಾವುದನ್ನೂ ನನ್ನ ಪರ್ಸನಲ್ ಮೇಲ್‌ಗೆ ಕಳಿಸ್ಲಿಲ್ಲ. ಹಂಗ ಕಳಿಸಿದ್ರ ಕಂಪನಿ ಡೇಟಾ ಹೊರಗ ಹಾಕಿದ್ಲು ಅಂತ ನನ್ನ ಮೇಲೇ ಕೇಸ್ ತಿರುಗ್ತದ. "ಆ ದಿನದ ರೋಸ್ಟರ್ ನೋಡಿ" ಅಂತ ಎಚ್‌ಆರ್‌ಗೆ ಹೇಳಿದ್ರ ಸಾಕು, ಅವರ ಹತ್ರ ಇರ್ತದ.

3/5
ಮೇಲ್ ಬರೆಯೋವಾಗ ರೂಮ್‌ಮೇಟ್ ಅಂದ್ಲು: "ಅವನಿಗೆ ಉತ್ತರ ಕರ್ನಾಟಕದೋರನ್ನ ಕಂಡ್ರ ಆಗೂದಿಲ್ಲ, ಬೇಕಂತಲೇ ಮಾಡ್ತಾನ ಅಂತ ಬರಿ." ನಾ ಬರೀಲಿಲ್ಲ. ಅವರ ಮನಸಿನಾಗ ಏನಿತ್ತು ಅಂತ ನನಗ ತೋರಿಸಾಕ ಆಗೂದಿಲ್ಲ. ಏನಂದ್ರು, ಏನ್ ಮಾಡಿದ್ರು ಅಂತ ತೋರಿಸಬಹುದು. "ಯಾವಾಗ್ಲೂ", "ಎಲ್ಲರಿಗೂ ಗೊತ್ತು" ಅನ್ನೋ ಮಾತನ್ನೂ ಬಿಟ್ಟೆ. ಒಂದಿನ ಅವರು ಹಂಗ ಮಾಡಿರ್ಲಿಲ್ಲ ಅಂತ ಗೊತ್ತಾದ್ರೂ ಇಡೀ ಪತ್ರ ಸುಳ್ಳು ಅನಿಸ್ತದ.

ಬರೆದದ್ದು ಹಿಂಗ:
"ಜೂನ್ 10, ಬೆಳಿಗ್ಗೆ 10:15ರ ಟೀಮ್ ಮೀಟಿಂಗ್‌ನಲ್ಲಿ ನಾನು ಅಪ್‌ಡೇಟ್ ಕೊಡುವಾಗ ಅವರು ನನ್ನ ಉಚ್ಚಾರಣೆಯನ್ನು ಎರಡು ಸಲ ಅಣಕಿಸಿದರು. ಆರು ಜನ ಇದ್ದರು, ಹೆಸರುಗಳು ಕೆಳಗಿವೆ. ಜೂನ್ 12ರಂದು ರೋಸ್ಟರ್ ಪ್ರಕಾರ ನನ್ನವಾಗಿದ್ದ ಮೂರು ಕಾಲ್‌ಗಳನ್ನು ಬೇರೆಯವರಿಗೆ ಕೊಟ್ಟು, ಹೀಗೆ ಹೇಳಿದರು..."

ಹಿಂಗ ಮೂರು ಘಟನೆ. ಆಮೇಲೆ ನಾ ಚಾಟ್‌ನಲ್ಲಿ ಕೇಳಿಕೊಂಡದ್ದು. ಕೊನೆಗೆ ನನಗ ಬೇಕಾದದ್ದು: ಅಣಕಿಸೋದು ನಿಲ್ಲಬೇಕು, ನನ್ನ ಕಾಲ್ ನನಗ ವಾಪಸ್ ಬರಬೇಕು. ಏನು ಶಿಕ್ಷೆ ಅಂತ ಬರೀಲಿಲ್ಲ, ಅದು ಅವರ ನಿರ್ಧಾರ. ಅಲ್ಲಿದ್ದೋರ ಹೆಸರು ಕೊಟ್ಟೆ, ಆದರ "ನನ್ನ ಪರ ಹೇಳ್ರಿ" ಅಂತ ಯಾರನ್ನೂ ಕೇಳ್ಲಿಲ್ಲ.

4/5
ಎಚ್‌ಆರ್ ಮೇಡಂ ಕರೆದು ಮೊದಲೇ ಹೇಳಿದ್ರು: "ಗುಟ್ಟಾಗಿಡ್ತೀವಿ, ಆದ್ರೆ ಅವರನ್ನೂ ಕೇಳ್ಬೇಕಾಗುತ್ತಮ್ಮ." ನ್ಯಾಯನೇ. ಮೀಟಿಂಗ್ ಮುಗಿದ ಮೇಲೆ, ಮಾತಾಡಿದ್ದನ್ನ ನಾಲ್ಕು ಸಾಲಿನಾಗ ಬರೆದು ಮೇಲ್ ಹಾಕಿದೆ.

ಒಂದು ಘಟನೆಗೆ ಅಲ್ಲಿದ್ದ ಇಬ್ಬರೂ "ನೆನಪಿಲ್ಲ" ಅಂದ್ರಂತ. ಅದು ನಿಲ್ಲಲಿಲ್ಲ. ಉಳಿದ ಎರಡು ನಿಂತವು. ರೋಸ್ಟರ್ ಇತ್ತು, ಚಾಟ್ ಇತ್ತು. ಮೂರು ವಾರದಾಗ ಕಾಲ್‌ಗಳು ವಾಪಸ್ ಬಂದವು, ಅಣಕ ನಿಂತ್ತು. ಅವರ ಮೇಲೆ ಏನು ಕ್ರಮ ಆತು ಅಂತ ನನಗ ಹೇಳ್ಲಿಲ್ಲ. ಸಾಮಾನ್ಯವಾಗಿ ಹೇಳೂದಿಲ್ಲ ಕೂಡ. ಊಟಕ್ಕ ನನ್ನ ಜೊತೆ ಕೂಡ್ತಿದ್ದ ಒಬ್ಬಾಕಿ ಈಗ ಕೂಡಂಗಿಲ್ಲ. ಅದಕ್ಕ ಎಚ್‌ಆರ್‌ನಾಗ ಔಷಧ ಇಲ್ಲ.

5/5
ಒಂದು ಮಾತು ಬ್ಯಾರೆ ಇಟ್ಕೊಳ್ರಿ. ಮೈ ಮುಟ್ಟೋದು, ಮೈ ಬಗ್ಗೆ ಮಾತು, ಅಶ್ಲೀಲ ಮೆಸೇಜು, ಇಂಥದ್ದು ಹೆಣ್ಮಕ್ಕಳಿಗೆ ಆದ್ರ ಬಾಗಿಲೇ ಬೇರೆ. 2013ರ ಕಾಯ್ದೆ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡೋ ಕಡೆ ಆಂತರಿಕ ಸಮಿತಿ ಇರಲೇಬೇಕು, ಅದರ ಅಧ್ಯಕ್ಷರು ಹೆಂಗಸರೇ. ಘಟನೆ ಆದ, ಇಲ್ಲ ಸರಣಿಯಾಗಿ ಆಗಿದ್ರ ಕೊನೇದಾದ, ಮೂರು ತಿಂಗಳೊಳಗ ಬರೆದು ಕೊಡಬೇಕು. ತಕ್ಕ ಕಾರಣ ಇದ್ರ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಇಳಕಲ್‌ನಾಗ ಐದು ಜನರ ಸೀರೆ ಅಂಗಡಿ, ಬಾದಾಮಿಯಾಗ ಸಣ್ಣ ಹೋಟೆಲ್ ಇದ್ರ? ಅಂಥವರಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಅದ. ಮತ್ತ ಅಂಥ ದೂರಿನ ವಿವರ, ಹೆಸರು ಇನ್‌ಸ್ಟಾದಾಗ ಹಾಕಂಗಿಲ್ಲ, ಕಾನೂನೇ ಬ್ಯಾಡ ಅಂತದ.

ನನ್ನ ಕಾಲ್‌ಗಳು ಹೆಂಗ ನಡದಾವು ಅಂತ ಕೇಳ್ತೀರಿ. ನಿನ್ನೆ ಗದಗದ ಅಜ್ಜಾರೊಬ್ಬರು "ನಮ್ಮ ಕಡೀಕಿ ಏನವಾ ನೀ?" ಅಂದ್ರು. "ಹೌದ್ರೀ ಅಜ್ಜಾ" ಅಂದೆ. ಅವರ ಬಿಲ್ ಸಮಸ್ಯೆ ಏಳು ನಿಮಿಷದಾಗ ಮುಗೀತು.