ಮಂಡ್ಯ ಎಲ್ಲಿ ಹೋಯಿತು?

ಹೊಸ ಕೋಡ್ ಬರೆಯುವುದಕ್ಕಿಂತ ಕೆಟ್ಟು ನಿಂತ ಕೋಡಿನ ಬೆನ್ನು ಹತ್ತುವುದು ನನಗೆ ಹೆಚ್ಚು ಪ್ರಿಯ. ಅದಕ್ಕೆ ನೈಟ್ ಶಿಫ್ಟೇ ಸರಿ. ಹಗಲಲ್ಲಿ ಮೀಟಿಂಗು, ಫೋನು, ಅವರಿವರ ಪ್ರಶ್ನೆ. ರಾತ್ರಿ ಎರಡು ಗಂಟೆಗೆ ಒಂದು ತಪ್ಪಿನ ಹಿಂದೆ ಬಿದ್ದರೆ ತಡೆಯುವವರು ಯಾರೂ ಇಲ್ಲ.

ಅಂದು ನಿಂತುಹೋದದ್ದು ಒಂದು ಪುಟ್ಟ ಪೈಥಾನ್ ಪ್ರೋಗ್ರಾಮು. ಹಾಲು ಹಾಕುವವರ ಲೆಕ್ಕ ತೆಗೆದುಕೊಂಡು, ಆಯಾ ಜಿಲ್ಲೆಯ ದರ ಹಚ್ಚಿ, ಬೆಳಗಾಗುವುದರೊಳಗೆ ಬಿಲ್ಲು ತಯಾರಿಸಿಡುವುದು ಅದರ ಕೆಲಸ. ವರ್ಷಗಳಿಂದ ತಕರಾರಿಲ್ಲದೆ ನಡೆದಿತ್ತು. ಆ ರಾತ್ರಿ ಅರ್ಧದಾರಿಯಲ್ಲಿ ನಿಂತು ಇಷ್ಟೇ ಹೇಳಿತು:

```
KeyError: 'ಮಂಡ್ಯ'
```

ದರಪಟ್ಟಿಯಲ್ಲಿ ಮಂಡ್ಯ ಎಂಬ ಹೆಸರೇ ಇಲ್ಲ ಎಂದು ಇದರ ಅರ್ಥ. ಪಟ್ಟಿ ತೆರೆದು ನೋಡಿದರೆ, ಬೆಂಗಳೂರಿನ ಕೆಳಗೆ, ಮೈಸೂರಿನ ಮೇಲೆ, ಮಂಡ್ಯ ಕೂತಿದೆ.

“ಇಲ್ಲೇ ಇದೆಯಲ್ಲ ಸರ್!” ಎಂದಳು ಜೊತೆಗಿದ್ದ ಹುಡುಗಿ. ಕೆಲಸಕ್ಕೆ ಹೊಸಬಳು, ಆದರೆ ಚುರುಕು. “ಇವತ್ತಿಂದ ಲೆಕ್ಕ ಹೊಸ ಕಡೆಯಿಂದ ಬರ್ತಿದೆ. ಅವರದ್ದೇ ಏನೋ ಎಡವಟ್ಟು ಇರಬೇಕು.”

ಇರಬಹುದು. ಆದರೆ ಹೊಸದಾಗಿ ಬಂದದ್ದರ ಮೇಲೇ ಮೊದಲು ಗೂಬೆ ಕೂರಿಸುವುದು ಈ ಕೆಲಸದಲ್ಲಿ ಒಳ್ಳೆಯ ಅಭ್ಯಾಸವಲ್ಲ. ಒಂದೊಂದೇ ಅನುಮಾನವನ್ನು ಹಿಡಿದು ಕೈಬಿಡುತ್ತ ಹೋದೆವು.

ಹೆಸರಿನ ಕೊನೆಗೊಂದು ಖಾಲಿ ಜಾಗ ಅಂಟಿಕೊಂಡಿದೆಯೇ? ಅಥವಾ ಕಾಣದ ಜಾಯ್ನರ್ ಏನಾದರೂ ನಡುವೆ ಸೇರಿದೆಯೇ? ಉದ್ದ ಅಳೆದೆವು. ಎರಡು ಕಡೆಯೂ ಐದೇ ಸಂಕೇತ: ಮ, ಸೊನ್ನೆ, ಡ, ಹಲಂತ, ಯ. ಬೈಟುಗಳ ಲೆಕ್ಕವೂ ಒಂದೇ, ಹದಿನೈದು. ಇನ್ನೊಂದು ಹಳೆಯ ಕಾಟವುಂಟು: ಬೀದರ್‌ನ ದೀರ್ಘ, ಕೋಲಾರದ ಓತ್ವ ಯೂನಿಕೋಡ್‌ನಲ್ಲಿ ಇಡಿಯಾಗಿಯೂ ಇರಬಹುದು, ತುಂಡುತುಂಡಾಗಿಯೂ ಇರಬಹುದು. ಕಣ್ಣಿಗೆ ಒಂದೇ, ಹೋಲಿಸಿದರೆ ಬೇರೆ. ಆದರೆ ಮಂಡ್ಯದಲ್ಲಿ ಅಂಥ ಸ್ವರಚಿಹ್ನೆಯೇ ಇಲ್ಲವಲ್ಲ! ಅನುಸ್ವಾರದ ಮೇಲೂ ಅನುಮಾನ ಹೋಗಲಿಲ್ಲ, ಏಕೆಂದರೆ ಬೆಂಗಳೂರಿನ ಬಿಲ್ಲು ಆಗಲೇ ಸಲೀಸಾಗಿ ಮುಗಿದಿತ್ತು.

ದಾರಿ ತೋರಿಸಿದ್ದು ಒಂದು ಮೌನ. ಅವಳು ದರಪಟ್ಟಿಯ ಫೈಲಿನಲ್ಲಿ ಸುಮ್ಮನೆ ಹುಡುಕಿದಳು:

```
grep 'ಮಂಡ್ಯ' rates.py
```

ಉತ್ತರವೇ ಇಲ್ಲ. ಪಕ್ಕದ ಕಿಟಕಿಯಲ್ಲಿ ಅದೇ ಫೈಲು ತೆರೆದಿದೆ, ಹೆಸರು ಎದ್ದು ಕಾಣುತ್ತಿದೆ, ಹುಡುಕಿದರೆ ಸಿಗುವುದಿಲ್ಲ. ಇಂಥ ಗಳಿಗೆಗಾಗಿಯೇ ನಾನು ಈ ಕೆಲಸವನ್ನು ಇಷ್ಟಪಡುವುದು. ಇನ್ನು ಕಣ್ಣನ್ನು ನಂಬುವಂತಿಲ್ಲ, ಆದರೆ ತಪ್ಪು ಆ ಒಂದು ಪದದೊಳಗೇ ಇದೆ ಎನ್ನುವುದು ಖಾತ್ರಿಯಾಯಿತು. ಫೈಲಿನಲ್ಲಿದ್ದ ಪದವನ್ನು ಕಾಪಿ ಮಾಡಿ ಬಿಡಿಸಿದೆವು:

```
>>> [hex(ord(c)) for c in "ಮ೦ಡ್ಯ"]
['0xcae', '0xce6', '0xca1', '0xccd', '0xcaf']
```

ಎರಡನೆಯದು `0xc82` ಆಗಿರಬೇಕಿತ್ತು, ಅದು ಅನುಸ್ವಾರ. ಇಲ್ಲಿದ್ದದ್ದು `0xce6`, ಕನ್ನಡದ ಅಂಕಿ ಸೊನ್ನೆ. ಬರೆದವರು ಯಾರೋ ಅನುಸ್ವಾರದ ಜಾಗದಲ್ಲಿ ಅಂಕಿಯನ್ನು ಕೂರಿಸಿದ್ದರು. ಎಷ್ಟೋ ಫಾಂಟುಗಳಲ್ಲಿ ಎರಡೂ ಅದೇ ದುಂಡು. ಎರಡಕ್ಕೂ ಮೂರು ಮೂರು ಬೈಟು ಬೇಕಾದ್ದರಿಂದ ನಮ್ಮ ಅಳತೆಗೂ ಸಿಕ್ಕಿರಲಿಲ್ಲ.

“ಹಾಗಾದ್ರೆ ಇಷ್ಟು ವರ್ಷ ಹೇಗೆ ನಡೀತು ಸರ್?”

ಆ ಪ್ರಶ್ನೆಯನ್ನು ಬಿಟ್ಟರೆ ತಪ್ಪು ಅರ್ಧ ಮಾತ್ರ ಸಿಕ್ಕಂತೆ. ಹಳೆಯ ಲೆಕ್ಕದ ಫೈಲೊಂದನ್ನು ತೆಗೆದು ಅದೇ ರೀತಿ ಬಿಡಿಸಿದೆವು. ಅಲ್ಲಿಯೂ ಮಂಡ್ಯದೊಳಗೆ ಅಂಕಿ ಸೊನ್ನೆಯೇ! ಒಂದರಿಂದ ಇನ್ನೊಂದಕ್ಕೆ ಕಾಪಿಯಾದ ಹೆಸರು. ತಪ್ಪಿಗೆ ತಪ್ಪು ತಾಳೆಯಾಗಿ ಬಿಲ್ಲು ಸರಿಯಾಗಿ ಬರುತ್ತಿತ್ತು. ಹೊಸಬರು ಮಂಡ್ಯವನ್ನು ಶುದ್ಧವಾಗಿ ಟೈಪ್ ಮಾಡಿ ಕಳಿಸಿದ ದಿನವೇ ಪ್ರೋಗ್ರಾಮು ಮುಗ್ಗರಿಸಿತು.

ಫೈಲಿನಲ್ಲಿರುವ ಸೊನ್ನೆಗಳನ್ನೆಲ್ಲ ಒಮ್ಮೆಗೇ ಅನುಸ್ವಾರ ಮಾಡಿಬಿಡೋಣವೇ ಎಂದು ಅವಳು ಕೇಳಿದಳು. ಹಾಗೆ ಮಾಡಿದರೆ ೧೦, ೨೦ ಎಂದು ಬರೆದ ಅಂಕಿಗಳೆಲ್ಲ ಹಾಳಾಗುತ್ತವೆ. ಅಕ್ಷರದ ಅಥವಾ ಸ್ವರಚಿಹ್ನೆಯ ಬೆನ್ನಿಗೇ ಬಂದ ಸೊನ್ನೆಯನ್ನಷ್ಟೇ ಹಿಡಿಯಬೇಕು:

```
re.compile(r"[\u0c85-\u0ccc]\u0ce6")
```

ಮೊದಲು ಮಂಡ್ಯದ ಆ ಒಂದು ಅಕ್ಷರ ತಿದ್ದಿ ಪ್ರೋಗ್ರಾಮು ಓಡಿಸಿದೆವು, ಬಿಲ್ಲುಗಳು ಹೊರಬಂದವು. ಹಳೆಯ ಲೆಕ್ಕವನ್ನು ಮತ್ತೆ ಓಡಿಸಬೇಕಾದರೆ ಈಗ ಅದು ನಿಲ್ಲುತ್ತದೆ, ಆದ್ದರಿಂದ ಒಳಗೆ ಬರುವ ಪ್ರತಿ ಹೆಸರನ್ನೂ ಇದೇ ಜರಡಿಯಿಂದ ತಿದ್ದಿಕೊಳ್ಳುವ ಒಂದು ಸಾಲನ್ನೂ ಸೇರಿಸಿದೆವು. ಆಮೇಲೆ ಅವಳು ಅದೇ ಜರಡಿಯನ್ನು ತಾಲ್ಲೂಕುಗಳ ಪಟ್ಟಿಯ ಮೇಲೆ ಆಡಿಸಿದಳು. ಬಂಟ್ವಾಳ ಬಂತು, ಹಿಂದೆಯೇ ಕುಂದಾಪುರ. ಅವುಗಳ ಹೊಸ ಲೆಕ್ಕ ಇನ್ನೂ ಬಂದಿರಲಿಲ್ಲ, ಅಷ್ಟೆ.