ಪಿಲ್ಲ ಅಲ್ಲ, ಪಿಲ್ಲಿ

2023ರ ದೀಪಾವಳಿ ಭಾನುವಾರ ಬಂದಿತ್ತು. ಅಂದು ರಾತ್ರಿ ಎಂಟೂವರೆ ಸುಮಾರಿಗೆ ನಮ್ಮ ಬೀದಿಯಲ್ಲಿ ಯಾರೋ ಸಾವಿರದ ಸರ ಹಚ್ಚಿದರು. ಅದೇ ಹೊತ್ತಿಗೆ ನಾನು ದೀಪಕ್ಕೆ ಎಣ್ಣೆ ಹಾಕಲು ಬಾಗಿಲು ತೆರೆದೆ. ನಮ್ಮ ಗಂಗಿ ನನ್ನ ಕಾಲ ಸಂದಿಯಿಂದ ನುಗ್ಗಿ, ಮೆಟ್ಟಿಲಿಳಿದು ಮಾಯವಾದಳು.

ಗಂಗಿ ಎರಡು ವರ್ಷದ ಬೆಕ್ಕು. ನಾನು, ನನ್ನ ಹೆಂಡತಿ ಇಬ್ಬರೂ ಐಟಿಯವರು. ಕೂಕಟ್‌ಪಲ್ಲಿಯ ಕೆಪಿಎಚ್‌ಬಿ ಕಾಲನಿಯ ಮೂರನೇ ಮಹಡಿಯಲ್ಲಿ ಹಗಲೆಲ್ಲ ಇರುವವರು ನನ್ನ ಅವ್ವ ಮತ್ತು ಗಂಗಿ ಮಾತ್ರ. ಅಪ್ಪ ತೀರಿಕೊಂಡ ಮೇಲೆ ಧಾರವಾಡದಿಂದ ಬಂದ ಅವ್ವನಿಗೆ ತೆಲುಗು ಹತ್ತಲಿಲ್ಲ. ದಿನಕ್ಕೆ ಹತ್ತು ತಾಸು ಅವಳು ಕನ್ನಡ ಮಾತಾಡುತ್ತಿದ್ದದ್ದು ಆ ಬೆಕ್ಕಿನ ಜೊತೆ. ಹಾಗಾಗಿ ಅಂದು ರಾತ್ರಿ ಮನೆಯಲ್ಲಿ ಯಾರೂ ಹೋಳಿಗೆ ಮುಟ್ಟಲಿಲ್ಲ.

ಒಂದು ತಾಸು ಹುಡುಕಿ ಬಂದು ಬಡಾವಣೆಯ ವಾಟ್ಸಾಪ್ ಗುಂಪಿಗೆ ಸೂಚನೆ ಹಾಕಿದೆ. ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ, ತೆಲುಗು ಬರುತ್ತದೆ ಎಂಬ ಧೈರ್ಯ. ‘ಮಾ ಪಿಲ್ಲ ತಪ್ಪಿಪೋಯಿಂದಿ’ ಎಂದು ಬರೆದೆ. ಜೊತೆಗಿಟ್ಟ ಫೋಟೊ ತೆರೆಯುವ ಮೊದಲೇ ಒಬ್ಬರು ಫೋನ್ ಮಾಡಿ ಎಷ್ಟು ವಯಸ್ಸು ಎಂದು ಕೇಳಿದರು. ಎರಡು ವರ್ಷ ಎಂದೆ. ಆ ಕಡೆ ಒಂದು ಕ್ಷಣ ಉಸಿರಿಲ್ಲ. ಆಮೇಲೆ, ‘ಯಾವ ಡ್ರೆಸ್ ಹಾಕಿದ್ದಳು? ನೂರಕ್ಕೆ ಫೋನ್ ಮಾಡಿದಿರಾ?’

ತೆಲುಗಿನಲ್ಲಿ ಪಿಲ್ಲಿ ಎಂದರೆ ಬೆಕ್ಕು, ಪಿಲ್ಲ ಎಂದರೆ ಹುಡುಗಿ. ನನ್ನದು ಒಂದು ಗುಣಿಸಿನ ತಪ್ಪು. ಕನ್ನಡದಲ್ಲಾದರೆ ಕ್ರಿಯಾಪದವೇ ಕೈಹಿಡಿಯುತ್ತಿತ್ತು: ಹುಡುಗಿಯಾದರೆ ತಪ್ಪಿಸಿಕೊಂಡಳು, ಬೆಕ್ಕಾದರೆ ತಪ್ಪಿಸಿಕೊಂಡಿತು. ತೆಲುಗಿನಲ್ಲಿ ಅವಳಿಗೂ ಅದಕ್ಕೂ ‘ಪೋಯಿಂದಿ’ ಒಂದೇ. ಬೆಕ್ಕು ಎಂದು ತಿಳಿದ ಮೇಲೆ ಅವರು ನನ್ನನ್ನು ಸರಿಯಾಗಿ ಬೈದರು. ಅಷ್ಟರಲ್ಲಿ ನಾಲ್ಕು ಜನ ಬೈಕ್ ಹತ್ತಿ ಮಗುವನ್ನು ಹುಡುಕಲು ಹೊರಟಿದ್ದರಂತೆ. ಗುಂಪಿನಲ್ಲಿ ಕ್ಷಮೆ ಕೇಳಿ ಸೂಚನೆ ಅಳಿಸಿದೆ. ಅವ್ವ, ‘ಏನ ಬರದಿಪಾ ನೀನು? ಮಂದಿ ಹೆದರಿ ಸಾಯಬೇಕು’ ಎಂದಳು.

ಮರುದಿನ ತಾಳ್ಮೆಯಿಂದ ಓದಿದಾಗ ಕಂಡಿತು, ನನ್ನ ಸೂಚನೆಯಲ್ಲಿ ಕಾಗುಣಿತವೊಂದೇ ತಪ್ಪಾಗಿರಲಿಲ್ಲ. ಫೋಟೊದಲ್ಲಿ ಗಂಗಿ ಅವ್ವನ ತೊಡೆಯ ಮೇಲೆ ಉಂಡೆಯಾಗಿ ಮಲಗಿದ್ದಳು. ನಮಗೆ ಮುದ್ದು, ನೋಡುವವರಿಗೆ ಬರೀ ಬಿಳಿ ಉಂಡೆ. ಜಾಗ ‘ಕೆಪಿಎಚ್‌ಬಿ ಕಾಲನಿ’ ಎಂದಿತ್ತು. ಹಲವು ಫೇಸುಗಳಿರುವ ಕಾಲನಿಯಲ್ಲಿ ಅದು ‘ಧಾರವಾಡದಲ್ಲಿ ಎಲ್ಲೋ’ ಎಂದ ಹಾಗೆ. ಗಂಗಿ ಎಷ್ಟು ಜಾಣೆ ಎಂದು ಐದು ಸಾಲು ಬರೆದಿದ್ದೆ, ಎಷ್ಟು ಹೊತ್ತಿಗೆ ಹೋದಳು ಎಂದು ಬರೆದಿರಲಿಲ್ಲ.

ಎರಡನೆಯ ಸೂಚನೆಯನ್ನು ಆಫೀಸಿನ ತೆಲುಗು ಗೆಳೆಯನ ಕೈಲಿ ತಿದ್ದಿಸಿದೆ. ಕನ್ನಡದಲ್ಲಿ ಹೇಳಿದರೆ ಹೀಗಿತ್ತು:

‘ಬೆಕ್ಕು ಕಾಣೆಯಾಗಿದೆ. ಹೆಣ್ಣು, 2 ವರ್ಷ. ಬಿಳಿ ಮೈ, ಬೆನ್ನಿನ ಮೇಲೆ ಎರಡು ಕಪ್ಪು ಮಚ್ಚೆ, ಎಡಗಿವಿ ಕಂದು. ಕೊರಳಲ್ಲಿ ಪಟ್ಟಿ ಇಲ್ಲ. ಕೊನೆಗೆ ಕಂಡದ್ದು: ನವೆಂಬರ್ 12, 2023, ರಾತ್ರಿ 8.30, 6ನೇ ಫೇಸ್ ಪಾರ್ಕಿನ ಹಿಂದಿನ ಬೀದಿ. ಹೆದರಿದೆ, ಹಿಡಿಯಲು ಹೋಗಬೇಡಿ. ನಿಂತಲ್ಲಿಂದಲೇ ಫೋಟೊ ತೆಗೆದು ಕಳಿಸಿ, ಯಾವ ಹೊತ್ತಾದರೂ ಸರಿ.’

ಕೆಳಗೆ ಎರಡು ಫೋನ್ ನಂಬರ್, ಒಂದು ನನ್ನದು, ಒಂದು ಹೆಂಡತಿಯದು. ನಿಂತಿರುವ ಬೆಕ್ಕಿನ ಇಡೀ ಮೈ ಕಾಣುವ ಫೋಟೊ. ಚಿತ್ರದೊಳಗೂ ದಿನಾಂಕ ಮತ್ತು ನಂಬರ್ ಬರೆದೆ, ಏಕೆಂದರೆ ಚಿತ್ರ ಒಂದೇ ಬೇರೆ ಗುಂಪುಗಳಿಗೆ ಹೋಗುತ್ತದೆ. ಕೆಳಗೆ ಅಕ್ಷರದಲ್ಲೂ ನಂಬರ್ ಕೊಟ್ಟೆ, ಚಿತ್ರದಲ್ಲಿರುವುದನ್ನು ಒತ್ತಿ ಎಲ್ಲ ಫೋನಿನಲ್ಲೂ ಕರೆ ಮಾಡಲಾಗುವುದಿಲ್ಲವಲ್ಲ. ಫ್ಲ್ಯಾಟ್ ನಂಬರ್ ಹಾಕಲಿಲ್ಲ, ಬಹುಮಾನದ ಮೊತ್ತವನ್ನೂ ಹಾಕಲಿಲ್ಲ. ಇನ್ನೊಂದು ವಿಷಯ ಬೇಕೆಂದೇ ಬಿಟ್ಟೆ: ಗಂಗಿಯ ಬಾಲದ ತುದಿ ಹುಟ್ಟಿನಿಂದಲೇ ಗಂಟು ಕಟ್ಟಿ ಡೊಂಕಾಗಿದೆ. ಫೋಟೊದಲ್ಲೂ ಬಾಲದ ತುದಿ ಕಾಣದಂತೆ ಕತ್ತರಿಸಿದೆ.

ಬಿಟ್ಟದ್ದು ಒಳ್ಳೆಯದಾಯಿತು. ಮಂಗಳವಾರ ಒಬ್ಬ ಫೋನ್ ಮಾಡಿ ಬೆಕ್ಕು ಸಿಕ್ಕಿದೆ, ಮೂಸಾಪೇಟದಲ್ಲಿದ್ದೇನೆ, ಆಟೊಗೆಂದು 1,500 ರೂಪಾಯಿ ಕಳಿಸಿದರೆ ತಂದುಕೊಡುತ್ತೇನೆ ಎಂದ. ಬಾಲ ಹೇಗಿದೆ ಎಂದೆ. ‘ಉದ್ದ ಇದೆ ಸರ್, ಚೆನ್ನಾಗಿದೆ’ ಎಂದ. ಬಾಲದ ಫೋಟೊ ಕಳಿಸಿ ಎಂದೆ. ಮತ್ತೆ ಆ ಫೋನ್ ಬರಲಿಲ್ಲ. ಅವ್ವನಿಗೆ ಇದನ್ನು ಹೇಳಲಿಲ್ಲ. ಹೇಳಿದ್ದರೆ ದುಡ್ಡು ಕಳಿಸು ಎನ್ನುತ್ತಿದ್ದಳು.

ಎರಡು ದಿನ ನಾನು ದೂರ ದೂರ ಹುಡುಕಿದ್ದೆ. ಜೆಎನ್‌ಟಿಯು ರಸ್ತೆ, ರೈತು ಬಜಾರ್, ಮೆಟ್ರೊ ಕಂಬಗಳ ಬುಡ. ಅದು ಇನ್ನೊಂದು ತಪ್ಪು. ಕಳೆದುಹೋದ ಬೆಕ್ಕುಗಳ ಬಗ್ಗೆ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಿಕ್ಕ ಬೆಕ್ಕುಗಳಲ್ಲಿ ಮುಕ್ಕಾಲು ಪಾಲು ಕಳೆದ ಜಾಗದಿಂದ 500 ಮೀಟರ್ ಒಳಗೇ ಸಿಕ್ಕಿದ್ದವು. ನಾಯಿ ಹೆದರಿದರೆ ಓಡುತ್ತಲೇ ಇರಬಹುದು. ಮನೆಯೊಳಗೇ ಬೆಳೆದ ಬೆಕ್ಕು ಹೆದರಿದರೆ ಸಿಕ್ಕ ಮೊದಲ ಕತ್ತಲೆ ಮೂಲೆಯಲ್ಲಿ ಅಡಗುತ್ತದೆ. ಪಕ್ಕದಲ್ಲೇ ನಿಂತು ಕರೆದರೂ ಉಸಿರು ಬಿಡುವುದಿಲ್ಲ. ಹೊರಬರುವುದು ಊರು ಮಲಗಿದ ಮೇಲೆ.

ಆ ಹೊತ್ತಿಗೆ ಎಚ್ಚರವಿರುವವರು ನಮ್ಮ ಗುಂಪಿನಲ್ಲಿಲ್ಲ. ವಾಚ್‌ಮನ್‌ಗಳು, ಹಾಲಿನ ಹುಡುಗರು, ಬೆಳಗಿನ ಜಾವ ಗುಡಿಸುವವರು ಯಾರೂ ಅದರಲ್ಲಿಲ್ಲ. ಆದ್ದರಿಂದ ಮಂಗಳವಾರ ಸಂಜೆ ಅದೇ ಸೂಚನೆಯ ಇಪ್ಪತ್ತು ಪ್ರತಿ ತೆಗೆಸಿ ಹಾಲಿನ ಬೂತ್, ಟೀ ಅಂಗಡಿ, ಅಕ್ಕಪಕ್ಕದ ಸೆಲ್ಲಾರುಗಳಲ್ಲಿ ಕೇಳಿಕೊಂಡು ಅಂಟಿಸಿದೆ. ಇಲ್ಲಿ ಕಟ್ಟಡದ ಕೆಳಗಿನ ಪಾರ್ಕಿಂಗನ್ನು ಸೆಲ್ಲಾರ್ ಎನ್ನುತ್ತಾರೆ.

ಬುಧವಾರ ಬೆಳಿಗ್ಗೆ ಐದಕ್ಕೆ ಹಾಲಿನ ಹುಡುಗನಿಂದ ಒಂದು ಫೋಟೊ ಬಂತು. ಮಸುಕು, ಅರ್ಧ ಕತ್ತಲೆ. ನೀರಿನ ಮೋಟರಿನ ಹಿಂದಿನಿಂದ ಒಂದು ಬಾಲ ಚಾಚಿತ್ತು, ತುದಿ ಡೊಂಕು. ನಮ್ಮ ಗೇಟಿನಿಂದ ಅರವತ್ತು ಹೆಜ್ಜೆ ದೂರದ ಕಟ್ಟಡದ ಸೆಲ್ಲಾರ್. ನಾನು ಓಡಿ ಹೋಗುವಷ್ಟರಲ್ಲಿ ಕಾರುಗಳು ಶುರುವಾಗಿ ಅವಳು ಮತ್ತೆ ಒಳಗೆ ಸೇರಿಕೊಂಡಿದ್ದಳು. ಹಗಲೆಲ್ಲ ಚುನಾವಣೆಯ ಮೈಕು. ರಾತ್ರಿ ಕಾಯೋಣ ಎಂದರೆ ಅಂದೇ ವಿಶ್ವಕಪ್ ಸೆಮಿಫೈನಲ್. ಭಾರತ ನ್ಯೂಜಿಲೆಂಡನ್ನು ಸೋಲಿಸಿತು, ದೀಪಾವಳಿಯಲ್ಲಿ ಉಳಿದ ಪಟಾಕಿಯೆಲ್ಲ ಮತ್ತೆ ಹೊಡೆಯಿತು. ಭಾರತ ಗೆದ್ದದ್ದಕ್ಕೆ ನನಗೆ ಸಂಕಟವಾದದ್ದು ಅದೊಂದೇ ಸಲ.

ರಾತ್ರಿ ಎರಡಕ್ಕೆ ಅವ್ವ ತಾನೂ ಬರುತ್ತೇನೆ ಎಂದಳು. ವಾಚ್‌ಮನ್‌ಗೆ ಮೊದಲೇ ಹೇಳಿಟ್ಟಿದ್ದೆ. ನಾನು ಟಾರ್ಚನ್ನು ನೆಲಮಟ್ಟದಲ್ಲಿ ಹಿಡಿದೆ. ಮೋಟರಿನ ಹಿಂದೆ ಎರಡು ಹಸಿರು ಚುಕ್ಕೆ ಹೊಳೆದವು. ಟಾರ್ಚ್ ಆರಿಸಿ ದೂರ ಕೂತೆ. ಅವ್ವ ನೆಲಕ್ಕೆ ಕೂತು, ದಿನಾ ಹಾಲು ಹಾಕುವ ಸ್ಟೀಲಿನ ಬಟ್ಟಲನ್ನು ಉಗುರಿನಿಂದ ಮೆಲ್ಲಗೆ ಬಡಿದಳು. ‘ಬಾರ ನಮ್ಮವ್ವಾ, ಯಾರೂ ಇಲ್ಲ ಬಾ, ನಾನ ಅದೇನಿ.’ ಅರ್ಧ ತಾಸು ಅದನ್ನೇ ಹೇಳುತ್ತಿದ್ದಳು, ಒಂದೇ ದನಿಯಲ್ಲಿ. ಆಮೇಲೆ ಮೈತುಂಬ ಗ್ರೀಸು ಮೆತ್ತಿಕೊಂಡ ಗಂಗಿ ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಬಂದು ಅವಳ ಸೆರಗಿನೊಳಗೆ ಹೊಕ್ಕಳು.

ವಾಚ್‌ಮನ್‌ನ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ‘ನಿಮ್ಮ ಪಿಲ್ಲಿಗೆ ತೆಲುಗು ಬರೋದಿಲ್ಲ ಅಲ್ವಾ’ ಎಂದಳು. ಹಿಂದಿನ ಎರಡು ರಾತ್ರಿ ಆಕೆ ಆ ಬೆಕ್ಕನ್ನು ಕರೆದು ನೋಡಿದ್ದಳಂತೆ. ಈಗ ಮಧ್ಯಾಹ್ನ ಆಕೆ ಅವ್ವನ ಹತ್ತಿರ ಬರುತ್ತಾಳೆ. ಒಬ್ಬಳು ತೆಲುಗು, ಒಬ್ಬಳು ಕನ್ನಡ, ಹೇಗೋ ನಡೆಯುತ್ತದೆ.

ಸಿಕ್ಕ ಕೂಡಲೇ ‘ಸಿಕ್ಕಿದೆ’ ಎಂದು ಗುಂಪಿನಲ್ಲಿ ಬರೆದು, ಅಂಟಿಸಿದ್ದನ್ನೆಲ್ಲ ಕಿತ್ತು, ಹಾಲಿನ ಹುಡುಗನಿಗೆ ಐನೂರು ಕೊಟ್ಟೆ. ಆದರೂ ಫೆಬ್ರವರಿಯಲ್ಲಿ ಮಿಯಾಪುರದಿಂದ ಒಬ್ಬರು ಫೋನ್ ಮಾಡಿ, ನಿಮ್ಮ ಬೆಕ್ಕು ಇಲ್ಲಿದೆ ಎಂದರು. ಚಿತ್ರ ಇನ್ನೂ ಸುತ್ತುತ್ತಿತ್ತು. ಅದರಲ್ಲಿರುವ ದಿನಾಂಕ ನೋಡಿ ಎಂದೆ. ನೋಡಿ ನಕ್ಕರು. ಆಮೇಲೆ, ‘ಹಾಗಾದರೆ ಇದು ಬೇರೆ ಯಾರದೋ ಇರಬೇಕು’ ಎಂದರು. ಅದರ ಫೋಟೊ ತರಿಸಿಕೊಂಡು, ಬಾಲದ ತುದಿ ಕತ್ತರಿಸಿ, ದಿನಾಂಕ ಬರೆದು ಗುಂಪಿಗೆ ಹಾಕಿದೆ. ಈ ಸಲ ‘ಪಿಲ್ಲಿ’ ಎಂದು ಎರಡು ಸಲ ಓದಿ ನೋಡಿದೆ.